ಬ್ಲೂ ಸ್ಕ್ರೀನ್: ಯಾವ ಡ್ರೈವರ್ ಅಂತ ಒಂದೊಂದಾಗಿ ತೆಗೆದು ನೋಡೋದು

«ಎರಡು ದಿನಕ್ಕೊಂದ್ಸಲ ಬ್ಲೂ ಸ್ಕ್ರೀನ್ ಬರ್ತಿದೆ, ಗೇಮ್ ಆಡದೇ ಇದ್ದಾಗ್ಲೂ. DRIVER_IRQL_NOT_LESS_OR_EQUAL ಅಂತ ತೋರ್ಸುತ್ತೆ. ವ್ಯಾಂಗಾರ್ಡ್, ಬ್ಯಾಟಲ್‌ಐ ಅನ್ನೋ ಗೇಮ್ ಆಂಟಿಚೀಟ್ ಎರಡೂ ಇದೆ, ದುಡ್ಡು ಕೊಟ್ಟ ಆಂಟಿವೈರಸ್ ಬೇರೆ. ಯಾವ್ದು ತೆಗೀಲಿ?»

ಮೂರನ್ನೂ ಒಟ್ಟಿಗೆ ತೆಗೀಬೇಡಿ, ಬ್ಲೂ ಸ್ಕ್ರೀನ್ ನಿಂತ್ರೂ ಯಾವುದ್ರಿಂದ ಬರ್ತಿತ್ತು ಅಂತ ಗೊತ್ತಾಗಲ್ಲ. ಗೇಮ್ ಆಡದೇ ಇದ್ದಾಗ್ಲೂ ಬರುತ್ತೆ ಅಂದ್ರಲ್ಲ, ಅದೇ ದೊಡ್ಡ ಸುಳಿವು. ಬ್ಯಾಟಲ್‌ಐದು BEDaisy.sys ಸಾಮಾನ್ಯವಾಗಿ ಗೇಮ್ ಶುರು ಮಾಡಿದಾಗ್ಲೇ ಲೋಡ್ ಆಗೋದು, ಅದನ್ನ ಕೊನೆಗಿಡಿ. ವ್ಯಾಂಗಾರ್ಡ್‌ದು vgk.sys ಮಾತ್ರ ವಿಂಡೋಸ್ ಬೂಟ್ ಆಗ್ತಿದ್ದಂಗೇ ಬಂದು ಕೂರುತ್ತೆ, ಆಂಟಿವೈರಸ್ ಡ್ರೈವರ್‌ಗಳೂ ಅಷ್ಟೇ, ಹಾಗಾಗಿ ಮೊದಲ ಅನುಮಾನ ಇವೆರಡರ ಮೇಲೆ.

ಮೇಲೆ ಒಬ್ರು, ಕ್ರ್ಯಾಶ್ ಆದಾಗ ವಿಂಡೋಸ್ ಬರೆದಿಡೋ ಡಂಪ್ ಫೈಲ್‌ನಲ್ಲಿ ntoskrnl.exe, ಅಂದ್ರೆ ವಿಂಡೋಸ್ ಕರ್ನಲ್ ಹೆಸ್ರು, ಇದ್ರೆ ವಿಂಡೋಸೇ ಕೆಟ್ಟಿದೆ ಅಂದಿದಾರೆ. ಡಂಪ್ ನೋಡಿ ಅಂದಿದ್ದು ಸರಿ, ಆದ್ರೆ ಬೇರೆ ಡ್ರೈವರ್ ಮೆಮೊರಿ ಹಾಳು ಮಾಡಿಟ್ರೂ ಬೀಳೋದು ಎಷ್ಟೋ ಸಲ ಕರ್ನಲ್ ಹೆಸ್ರಲ್ಲೇ. C:\Windows\Minidump ಒಳಗಿರೋ ನಾಲ್ಕೈದು ಫೈಲನ್ನ ವಿನ್‌ಡಿಬಿಜಿ ಅನ್ನೋ ಡೀಬಗ್ಗರ್‌ನಲ್ಲಿ ತೆಗೆದು `!analyze -v` ಕೊಡಿ, ಸ್ಟ್ಯಾಕ್‌ನಲ್ಲಿ ಮೈಕ್ರೋಸಾಫ್ಟ್‌ದಲ್ಲದ ಒಂದೇ ಹೆಸ್ರು ಮತ್ತೆ ಮತ್ತೆ ಬಂದ್ರೆ ಅದರಿಂದ ಶುರು ಮಾಡಿ. ಸ್ಕ್ರೀನ್ ಕಪ್ಪಾಗಿ ಫ್ಯಾನ್ ಜೋರಾಗುತ್ತೆ ಅಂದವ್ರದು ಬೇರೆ ಕಾಯಿಲೆ ಕಣ್ರೀ, ಗ್ರಾಫಿಕ್ಸ್ ಕಾರ್ಡ್, ಪವರ್ ಸಪ್ಲೈ ಕಡೆ ನೋಡಿ.

ಹೋದ್ವರ್ಷ ನಂಗೂ ಹಿಂಗೇ ಆಗಿತ್ತು. ಆಂಟಿವೈರಸ್ ಆಫ್ ಮಾಡಿದ್ದೆ, ಆದ್ರೂ ಬಂತು, ಸರಿ ಇದ್ರದಲ್ಲ ಅಂತ ಬಿಟ್ಟು ಮೂರು ವಾರ ಬೇರೆಲ್ಲ ಹುಡುಕಿದೆ. ಆಮೇಲೆ ಗೊತ್ತಾಗಿದ್ದು, ಟ್ರೇನಲ್ಲಿ ಆಫ್ ಮಾಡಿದ್ರೆ ಸ್ಕ್ಯಾನ್ ನಿಲ್ಲುತ್ತೆ ಅಷ್ಟೇ, ಡ್ರೈವರ್ ಲೋಡ್ ಆಗೇ ಇರುತ್ತೆ. ಪೂರ್ತಿ ಅನ್‌ಇನ್‌ಸ್ಟಾಲ್ ಮಾಡಿ, ಆ ಕಂಪನಿಯವರದೇ ರಿಮೂವಲ್ ಟೂಲ್ ಇದ್ರೆ ಅದನ್ನೂ ಓಡ್ಸಿ. ಆಮೇಲೆ ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಕೊಡಿ, ಯಾಕಂದ್ರೆ ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್‌ನಲ್ಲಿ ಹಳೇ ಕರ್ನಲ್ಲೇ ಸೇವ್ ಆಗಿ ಬೆಳಿಗ್ಗೆ ಅದೇ ವಾಪಸ್ ಬರುತ್ತೆ. ಹೋಗಿದೆಯಾ ಅಂತ ಅಡ್ಮಿನ್ ಕಮಾಂಡ್ ಪ್ರಾಂಪ್ಟಲ್ಲಿ ನೋಡಿ:

```
fltmc
driverquery /v | findstr /i vgk
```

ಮೊದಲ್ನೇದ್ರಲ್ಲಿ ನೀವು ತೆಗೆದ ಆಂಟಿವೈರಸ್‌ದು ಫಿಲ್ಟರ್ ಕಾಣಬಾರದು. ಅದನ್ನ ತೆಗೆದ್ಮೇಲೆ ಡಿಫೆಂಡರ್ ತಾನಾಗೇ ಆನ್ ಆಗುತ್ತೆ, ಆಗಿದೆಯಾ ಅಂತ ನೋಡ್ಕೊಳ್ಳಿ. ಎರಡನೇದು ವ್ಯಾಂಗಾರ್ಡ್ ಸರದಿ ಬಂದಾಗ, ಅದ್ರಲ್ಲಿ ಏನೂ ಬರಬಾರದು.

ಒಂದು ದಿನ ಬರ್ಲಿಲ್ಲ ಅಂತ ತೀರ್ಮಾನಕ್ಕೆ ಬರಬೇಡಿ. ನಿಮ್ಗೆ ಎರಡು ದಿನಕ್ಕೊಂದ್ಸಲ ಬರೋದು, ಹಾಗಾಗಿ ಒಂದೊಂದಕ್ಕೂ ಕನಿಷ್ಠ ಆರು ದಿನ ಬಿಡಿ, ಆ ಆರು ದಿನ ವಿಂಡೋಸ್ ಅಪ್‌ಡೇಟು, ಹೊಸ ಗ್ರಾಫಿಕ್ಸ್ ಡ್ರೈವರು ಏನೂ ಹಾಕ್ಬೇಡಿ. ಮಧ್ಯದಲ್ಲಿ ಬಂತೋ, ಅದನ್ನ ವಾಪಸ್ ಹಾಕಿ ಮುಂದಿನದನ್ನ ತೆಗೀರಿ. ನಿಂತ್ರೆ ಮತ್ತೆ ಇನ್‌ಸ್ಟಾಲ್ ಮಾಡಿ ನೋಡಿ, ತಿರುಗಿ ಬಂದ್ರೆ ಸಿಕ್ಕಿಬಿತ್ತು.

ನನ್ನ ಕೇಸಲ್ಲಿ ಆಂಟಿವೈರಸ್ ತೆಗೆದ್ರೆ ನಿಂತ್ತು, ಅದನ್ನಿಟ್ಟು ಆಂಟಿಚೀಟ್ ತೆಗೆದ್ರೂ ನಿಂತ್ತು, ಎರಡೂ ಒಟ್ಟಿಗಿದ್ರೆ ಮಾತ್ರ ಬರ್ತಿತ್ತು. ತಪ್ಪು ಯಾವುದ್ರದ್ದು ಅಂತ ಇವತ್ತಿಗೂ ಹೇಳಕ್ಕಾಗಲ್ಲ, ಆಂಟಿವೈರಸ್ ಬಿಟ್ಟು ಡಿಫೆಂಡರ್ ಇಟ್ಕೊಂಡೆ. ರ‍್ಯಾಮ್ ಕೆಟ್ಟಿರ್ಬೋದು ಅಂದವ್ರ ಮಾತನ್ನೂ ತಳ್ಳಿಹಾಕಲ್ಲ, ಮೂರನ್ನೂ ಒಂದೊಂದಾಗಿ ತೆಗೆದು ನೋಡಿದ್ಮೇಲೂ ಬಂದ್ರೆ ಒಂದು ರಾತ್ರಿ ಮೆಮ್‌ಟೆಸ್ಟ್ ಓಡ್ಸಿ. ಡಂಪ್‌ನಲ್ಲಿ ಯಾವ ಹೆಸ್ರು ಬಂತು ಅಂತ ಇಲ್ಲೇ ಹಾಕಿ, ನೋಡೋಣ.