ಪಾಕೆಟ್ ನಾಲ್ಕೇ ಮಿಲಿಮೀಟರ್ ಇದ್ದರೂ ಸ್ಟೇಜ್ 3 ಯಾಕೆ?

ಪ್ರಶ್ನೆ: ನನಗೆ 40 ವರ್ಷ. ವಸಡಿನ ಚಾರ್ಟಿನಲ್ಲಿ ಅತಿ ಆಳದ ಪಾಕೆಟ್ ಅಂದರೆ 4 ಮಿ.ಮೀ. ಅಷ್ಟೆ. ಸಿಗರೇಟಿಲ್ಲ, ಶುಗರ್ ಇಲ್ಲ. ಆದರೂ ಪೆರಿಯೊಡಾಂಟೈಟಿಸ್ ಎಂಬ ವಸಡಿನ ರೋಗ, ಸ್ಟೇಜ್ 3, ಗ್ರೇಡ್ ಸಿ ಅಂತ ಬರೆದಿದ್ದಾರೆ. ತಪ್ಪಾಗಿದೆಯಾ?

ನಾನು ವಸಡಿನ ಚಿಕಿತ್ಸೆ ಮಾಡುವ ದಂತವೈದ್ಯೆ. ನಿಮ್ಮ ಬಾಯಿ ನೋಡದೆ ಖಚಿತವಾಗಿ ಹೇಳಲಾರೆ. ಆದರೆ 4 ಮಿ.ಮೀ. ಪಾಕೆಟ್ಟಿಗೂ ಸ್ಟೇಜ್ 3 ಬರುವುದುಂಟು.

ಪ್ರೋಬ್ ಎಂದರೆ ಮಿಲಿಮೀಟರ್ ಗೆರೆಗಳಿರುವ ತೆಳುವಾದ ಕಡ್ಡಿ. ಅದನ್ನು ಹಗುರವಾಗಿ, ಸುಮಾರು 25 ಗ್ರಾಂ ಒತ್ತಡದಲ್ಲಿ, ಪ್ರತಿ ಹಲ್ಲಿನ ಸುತ್ತ ಆರು ಕಡೆ ಇಳಿಸುತ್ತೇವೆ. ವಸಡಿನ ಅಂಚಿನಿಂದ ತಳದವರೆಗಿನ ಅಳತೆಯೇ ಪಾಕೆಟ್. ಆದರೆ ಆ ಅಂಚು ಒಂದೇ ಕಡೆ ನಿಲ್ಲುವುದಿಲ್ಲ. ಊದಿದರೆ ಮೇಲೇರುತ್ತದೆ, ಸವೆದರೆ ಬೇರಿನ ಕಡೆ ಸರಿಯುತ್ತದೆ. ಎನಾಮೆಲ್ ಮುಗಿದು ಬೇರು ಶುರುವಾಗುವ ಗೆರೆ ಮಾತ್ರ ಕದಲುವುದಿಲ್ಲ. ಹಲ್ಲಿಗೆ ಎಷ್ಟು ಹಿಡಿತ ತಪ್ಪಿದೆ ಎಂಬುದನ್ನು ಆ ಗೆರೆಯಿಂದಲೇ ಅಳೆಯಬೇಕು.

ನಿಮ್ಮ ಚಾರ್ಟಿನಲ್ಲಿ ಪಾಕೆಟ್ ಸಾಲಿನ ಪಕ್ಕದಲ್ಲಿ ವಸಡು ಆ ಗೆರೆಯಿಂದ ಬೇರಿನ ಕಡೆ ಎಷ್ಟು ಸರಿದಿದೆ ಎಂದು ಹೇಳುವ ರಿಸೆಶನ್ ಎಂಬ ಇನ್ನೊಂದು ಸಾಲು ಇರುತ್ತದೆ, ನೋಡಿ. ಎರಡು ಹಲ್ಲುಗಳ ನಡುವೆ ಪಾಕೆಟ್ 4, ರಿಸೆಶನ್ 2 ಇದ್ದರೆ ಒಟ್ಟು 6 ಮಿ.ಮೀ. ಹಿಡಿತ ಹೋಗಿದೆ. ಅದೇ ಇನ್ನೊಬ್ಬರಿಗೆ ಪಾಕೆಟ್ 5 ಇದ್ದು, ಊದಿದ ವಸಡು ಆ ಗೆರೆಗಿಂತ 2 ಮಿ.ಮೀ. ಮೇಲಿದ್ದರೆ, ಹೋಗಿರುವುದು ಮೂರೇ. ಆಳದ ಪಾಕೆಟ್ ಇರುವವರಿಗೇ ಕಡಿಮೆ ನಷ್ಟ!

ಸ್ಟೇಜ್ ಹೇಳುವುದು ರೋಗದ ತೀವ್ರತೆಯನ್ನು. ಈ ರೋಗಕ್ಕೆ 2018ರಲ್ಲಿ ಪ್ರಕಟವಾದ ವರ್ಗೀಕರಣದಲ್ಲಿ ಹಲ್ಲುಗಳ ನಡುವೆ ಅತಿ ಹೆಚ್ಚು ಕೆಟ್ಟ ಜಾಗದ ನಷ್ಟ ನೋಡುತ್ತೇವೆ: 1–2 ಮಿ.ಮೀ. ಇದ್ದರೆ ಸ್ಟೇಜ್ 1, 3–4 ಇದ್ದರೆ ಸ್ಟೇಜ್ 2, 5 ಅಥವಾ ಹೆಚ್ಚಿದ್ದರೆ ಸ್ಟೇಜ್ 3 ಇಲ್ಲವೇ 4. ಈ ರೋಗದಿಂದಲೇ ಐದು ಅಥವಾ ಹೆಚ್ಚು ಹಲ್ಲು ಹೋಗಿದ್ದರೆ, ಇಲ್ಲವೇ ಅಗಿಯುವುದೇ ಕಷ್ಟವಾಗಿದ್ದರೆ, ಸ್ಟೇಜ್ 4. ಕೆನ್ನೆ ಕಡೆ ಗಟ್ಟಿಯಾಗಿ ಬ್ರಷ್ ಉಜ್ಜಿ ವಸಡು ಸವೆದದ್ದನ್ನು ಇದರಲ್ಲಿ ಸೇರಿಸಬಾರದು. ಹಲ್ಲುಗಳ ನಡುವಿನ ಅಳತೆಗೇ ಒತ್ತು ಕೊಡುವುದು ಅದಕ್ಕೇ.

ಗ್ರೇಡ್ ಹೇಳುವುದು ರೋಗದ ವೇಗವನ್ನು. ಹಳೆಯ ದಾಖಲೆ ಇಲ್ಲದಾಗ, ಎಕ್ಸ್‌ರೇಯಲ್ಲಿ ಅತಿ ಕೆಟ್ಟ ಹಲ್ಲಿನ ಬೇರಿನ ಉದ್ದದಲ್ಲಿ ಶೇಕಡಾ ಎಷ್ಟು ಮೂಳೆ ಕರಗಿದೆ ಎಂದು ನೋಡಿ, ವಯಸ್ಸಿನಿಂದ ಭಾಗಿಸುತ್ತೇವೆ. ನಿಮಗೆ ಅರ್ಧ ಕರಗಿದೆ ಅಂದುಕೊಳ್ಳಿ: 50 ಭಾಗಿಸು 40, ಅಂದರೆ 1.25. ಒಂದು ದಾಟಿದರೆ ಸಿ, 0.25ರಿಂದ 1ರವರೆಗೆ ಬಿ. ಅದೇ ನಷ್ಟ 70 ವರ್ಷದವರಿಗಿದ್ದರೆ ಬಿ ಆಗುತ್ತಿತ್ತು. ದಿನಕ್ಕೆ ಹತ್ತು ಅಥವಾ ಹೆಚ್ಚು ಸಿಗರೇಟು, ಇಲ್ಲವೇ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 7 ಅಥವಾ ಹೆಚ್ಚಿರುವ ಶುಗರ್ ಇದ್ದರೆ ಗ್ರೇಡ್ ಸಿಗೆ ಏರುತ್ತದೆ. ಆದರೆ ಅವಿಲ್ಲದಿದ್ದ ಮಾತ್ರಕ್ಕೆ ಸಿ ಇಳಿಯುವುದಿಲ್ಲ.

ಈ ಭಾಗಾಕಾರ ಅಂದಾಜು ಮಾತ್ರ. ಐದು ವರ್ಷದ ಹಿಂದಿನ ಎಕ್ಸ್‌ರೇ ಇದ್ದರೆ, ಬುದ್ಧಿಹಲ್ಲು ತೆಗೆಸುವಾಗ ತೆಗೆದದ್ದಾದರೂ ಸರಿ, ಹುಡುಕಿ ನಿಮ್ಮ ವೈದ್ಯರಿಗೆ ಕೊಡಿ. ಈಗಿನದರ ಜೊತೆ ಹೋಲಿಸಿದಾಗ ಹೊಸ ನಷ್ಟ 2 ಮಿ.ಮೀ.ಗಿಂತ ಕಡಿಮೆ ಕಂಡರೆ, ಗ್ರೇಡ್ ಬಿ ಎಂದು ತಿದ್ದುವುದಕ್ಕೆ ಅದೇ ನೇರ ಆಧಾರ.