ಏರ್ ಫ್ರೈಯರ್‌ನಲ್ಲಿ ಚಿಕನ್ ಕಬಾಬ್ ಮಾಡುವಾಗ ಹೊಗೆ ಯಾಕೆ, ಒಳಗೆ ಹಸಿ ಯಾಕೆ?

ಪ್ರಶ್ನೆ: 4 ಲೀಟರ್ ಏರ್ ಫ್ರೈಯರ್‌ನಲ್ಲಿ ಮುಕ್ಕಾಲು ಕೆಜಿ ಚಿಕನ್ ಕಬಾಬ್ ಒಂದೇ ಸಲ ಹಾಕ್ತೀನಿ, ಅಡಿಗೆ ಬಟರ್ ಪೇಪರ್ ಬಟ್ಟಲು ಇಡ್ತೀನಿ. ಹತ್ತು ನಿಮಿಷಕ್ಕೆ ಬಿಳಿ ಹೊಗೆ ಬರುತ್ತೆ. ಮೇಲೆ ಕೆಂಪಗಾದ್ರೂ ತಳ ಮೆತ್ತಗೆ, ಮೂಳೆ ಹತ್ರ ಹಸಿ. ಮಷೀನ್ ಕೆಟ್ಟಿದೆಯಾ? ಪೇಪರ್ ಬದಲು ಫಾಯಿಲ್ ಹಾಕಬಹುದಾ?

ಮಷೀನ್ ಕೆಟ್ಟ ಲಕ್ಷಣ ಇದಲ್ಲ. ಫಾಯಿಲ್ ಬೇಡ, ಕಬಾಬ್‌ಗೆ ಪೇಪರ್ ಕೂಡ ಬೇಡ. ಕಾರಣ ಗೊತ್ತಾದರೆ ಮಿಕ್ಕಿದ್ದು ಸುಲಭ, ಹಾಗಾಗಿ ಮೊದಲು ಅದನ್ನೇ ಹೇಳುತ್ತೇನೆ.

ಏರ್ ಫ್ರೈಯರ್‌ನಲ್ಲಿ ಕಾಯಿಲ್ ಮತ್ತು ಫ್ಯಾನ್ ಮೇಲ್ಗಡೆ ಇರುತ್ತವೆ. ಬಿಸಿ ಗಾಳಿ ಕೆಳಗಿಳಿದು, ಜಾಲರಿಯ ತೂತುಗಳಲ್ಲಿ ಹಾದು, ತಳದಲ್ಲಿ ತಿರುಗಿ ಮತ್ತೆ ಮೇಲೆ ಬರಬೇಕು. ತುಂಡಿನ ಅಡಿಭಾಗ ಗರಿಗರಿಯಾಗುವುದು ಈ ಸುತ್ತಾಟದಿಂದಲೇ. ನೀವಿಟ್ಟ ಪೇಪರ್ ಬಟ್ಟಲು ಅಷ್ಟೂ ತೂತುಗಳನ್ನು ಮುಚ್ಚಿದೆ. ಕೋಳಿಯಿಂದ ಬಿಟ್ಟ ನೀರು, ಮಸಾಲೆಯ ಮೊಸರು, ಕೊಬ್ಬು ಎಲ್ಲವೂ ಆ ಬಟ್ಟಲಲ್ಲೇ ನಿಂತು, ಕೆಳಗಿನ ತುಂಡುಗಳು ಅದರಲ್ಲಿ ಬೇಯುತ್ತಿವೆ. ಮೇಲಿನವು ಕಾಯಿಲ್‌ಗೆ ಹತ್ತಿರವಾಗಿ ಬೇಗ ಕೆಂಪಗಾಗುತ್ತವೆ. ಬಣ್ಣ ನೋಡಿ ನೀವು ಇಳಿಸುತ್ತೀರಿ, ನಡುವಿನವು ಹಸಿ ಉಳಿಯುತ್ತವೆ.

ಲೀಟರ್ ಲೆಕ್ಕವನ್ನು ನಂಬಿ ತುಂಬಬೇಡಿ. ಅದು ಬುಟ್ಟಿಯ ಒಟ್ಟು ಜಾಗ, ಗರಿಗರಿಯಾಗಿ ಬೇಯಿಸಬಹುದಾದ ಪ್ರಮಾಣವಲ್ಲ. ಇಲ್ಲಿ ನೋಡಬೇಕಾದದ್ದು ತಳದ ಅಗಲ: ಒಂದೇ ಪದರ, ಎರಡು ತುಂಡಿನ ನಡುವೆ ಒಂದು ಬೆರಳಿನಷ್ಟು ಜಾಗ. ನಿಮ್ಮ ಅಳತೆಯ ಬುಟ್ಟಿಗೆ ಮೂಳೆಸಹಿತ ತುಂಡು ಸುಮಾರು 250 ಗ್ರಾಂ ಸಾಕು. ಅಂದರೆ ಮುಕ್ಕಾಲು ಕೆಜಿಗೆ ಮೂರು ಸರದಿ. ಮಸಾಲೆಯಲ್ಲಿ ನೆನೆದ ಚಿಕನ್ ಅನ್ನು ಹಾಗೇ ಸುರಿಯದೆ, ಒಂದೊಂದೇ ತುಂಡು ಎತ್ತಿ ತೊಟ್ಟಿಕ್ಕುವ ಮೊಸರು ಇಳಿಯಲು ಬಿಟ್ಟು ಜಾಲರಿಯ ಮೇಲೆ ಇಡಿ. ಇಡೀ 250 ಗ್ರಾಂಗೆ ಅರ್ಧ ಟೀ ಚಮಚ ಎಣ್ಣೆ ಸವರಿದರೆ ಆಯಿತು. ಡಬ್ಬಿಯಿಂದ ನೇರವಾಗಿ ಸಿಂಪಡಿಸುವ ಕುಕಿಂಗ್ ಸ್ಪ್ರೇ ಬಳಸಬೇಡಿ. ಅವುಗಳಲ್ಲಿ ಹೆಚ್ಚಿನವಕ್ಕೆ ಲೆಸಿತಿನ್ ಸೇರಿಸಿರುತ್ತಾರೆ, ಅದು ನಾನ್‌ಸ್ಟಿಕ್ ಮೇಲೆ ಅಂಟಂಟಾಗಿ ಸುಟ್ಟು ಕೂರುತ್ತದೆ. ಬ್ರಷ್ ಸಾಕು.

180 ಡಿಗ್ರಿಯಲ್ಲಿ 10 ನಿಮಿಷ, ತಿರುವಿ ಹಾಕಿ 200ರಲ್ಲಿ 6ರಿಂದ 8 ನಿಮಿಷ. ಇದು ಅಂದಾಜು, ತುಂಡಿನ ದಪ್ಪಕ್ಕೆ ತಕ್ಕಂತೆ ಬದಲಾಗುತ್ತದೆ. ಬೆಂದಿದೆಯೇ ಎಂದು ಬಣ್ಣದಿಂದ ತೀರ್ಮಾನಿಸಲು ಆಗದು. ಕಬಾಬ್ ಮಸಾಲೆಯೇ ಕೆಂಪು, ಜೊತೆಗೆ ಪೂರ್ತಿ ಬೆಂದ ಕೋಳಿಯಲ್ಲೂ ಮೂಳೆಯ ಪಕ್ಕ ಮಜ್ಜೆಯ ಕೆಂಪು ಇಳಿದಿರಬಹುದು. ಅಡುಗೆ ಥರ್ಮಾಮೀಟರ್‌ನ ತುದಿಯನ್ನು ಮೂಳೆಗೆ ತಾಗಿಸದೆ ಅತಿ ದಪ್ಪ ತುಂಡಿನ ನಡುವಿಗೆ ಚುಚ್ಚಿ: 74 ಡಿಗ್ರಿ ತೋರಿಸಿದರೆ ಸುರಕ್ಷಿತ. ಪ್ರತಿ ಸರದಿಯನ್ನೂ ಪೂರ್ತಿ ಬೇಯಿಸಿಯೇ ಇಳಿಸಿ, ಅರೆಬೆಂದ ಕೋಳಿಯನ್ನು ಹೊರಗಿಟ್ಟು ಆಮೇಲೆ ಮುಂದುವರಿಸಬೇಡಿ. ಮೂರೂ ಮುಗಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಹಾಕಿ ಎರಡು ನಿಮಿಷ ಬಿಸಿ ಮಾಡಿಕೊಳ್ಳಬಹುದು. ಆಗ ಒಂದರ ಮೇಲೊಂದು ಬಿದ್ದರೂ ಅಡ್ಡಿಯಿಲ್ಲ, ಅದು ಬರೀ ಬಿಸಿ ಮಾಡುವುದಷ್ಟೇ. ಎರಡನೇ ಸರದಿಯ ಹೊತ್ತಿಗೆ ಮಷೀನ್ ಕಾದಿರುವುದರಿಂದ ಎರಡು ಮೂರು ನಿಮಿಷ ಮೊದಲೇ ನೋಡಿ.

ಇಳಿಸುವಾಗ ಇಕ್ಕಳದಿಂದ ಎತ್ತಿ. ಬುಟ್ಟಿಯನ್ನೇ ತಟ್ಟೆಗೆ ಬಗ್ಗಿಸಿದರೆ ಜಾಲರಿಯ ಕೆಳಗೆ ನಿಂತ ಸುಡುವ ಕೊಬ್ಬು ಕೈಮೇಲೆ ಬರುತ್ತದೆ. ಆ ಕೊಬ್ಬನ್ನು ಪ್ರತಿ ಸರದಿಯ ನಂತರ ಬಸಿದು ತೆಗೆಯಿರಿ. ಇಲ್ಲವಾದರೆ ಮೂರನೇ ಸರದಿಯ ಹೊತ್ತಿಗೆ ಅದೇ ಹೊಗೆಯಾಡುತ್ತದೆ.

ಈಗ ಹೊಗೆಯ ವಿಷಯ. ಬಿಳಿ ಹೊಗೆ ಎಂದರೆ ಕೊಬ್ಬು ಸುಡುತ್ತಿದೆ. ಹೊಸದೋ ಹಳೆಯದೋ ತಿಳಿಯಲು ಹೀಗೆ ಮಾಡಿ: ಬುಟ್ಟಿ, ಜಾಲರಿ ತೊಳೆದು ಒರೆಸಿ, ಪೇಪರ್ ಏನೂ ಇಲ್ಲದೆ ಖಾಲಿಯಾಗಿ 180ರಲ್ಲಿ 5 ನಿಮಿಷ ಓಡಿಸಿ. ಹೊಗೆ ಬರದಿದ್ದರೆ ಇವತ್ತಿನ ಕೋಳಿಯ ಕೊಬ್ಬೇ ಕಾರಣ, ಕಡಿಮೆ ಹಾಕಿ ಬಸಿಯುತ್ತಾ ಹೋದರೆ ನಿಲ್ಲುತ್ತದೆ. ಖಾಲಿ ಇದ್ದಾಗಲೂ ಬಂದರೆ ಮೇಲಿನ ಕಾಯಿಲ್ ಮತ್ತು ಅದರ ಸುತ್ತ ಹಳೆ ಎಣ್ಣೆ ಕಟ್ಟಿಕೊಂಡಿದೆ. ಬುಟ್ಟಿಯನ್ನು ದಿನಾ ಉಜ್ಜುವವರು ಕೂಡ ಈ ಜಾಗವನ್ನು ನೋಡುವುದೇ ಇಲ್ಲ.

ಪ್ಲಗ್ ಕಿತ್ತು, ಪೂರ್ತಿ ತಣ್ಣಗಾಗಲು ಅರ್ಧ ಗಂಟೆಯಾದರೂ ಬಿಡಿ. ಬುಟ್ಟಿ ತೆಗೆದು, ಮಷೀನ್ ಅನ್ನು ದಪ್ಪ ಬಟ್ಟೆಯ ಮೇಲೆ ಬೆನ್ನಡಿ ಮಾಡಿ ಮಲಗಿಸಿ, ಟಾರ್ಚ್ ಬಿಟ್ಟು ಒಳಗೆ ನೋಡಿ. ಜೇನುತುಪ್ಪದ ಬಣ್ಣದ, ಉಗುರಿಗೆ ಅಂಟುವ ಪದರ ಕಂಡರೆ ಅದೇ. ಎಣ್ಣೆ ಮತ್ತೆ ಮತ್ತೆ ಕಾದು ವಾರ್ನಿಷ್ ಹಾಗೆ ಗಟ್ಟಿಯಾಗಿರುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿದ ಬಿಸಿ ನೀರಲ್ಲಿ ಮೆತ್ತನೆಯ ಹಳೆ ಟೂತ್‌ಬ್ರಷ್ ಅದ್ದಿ, ಕೊಡವಿ, ಉಜ್ಜಿ. ನಂತರ ಹಿಂಡಿದ ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ. ಒಳಗೆ ನೀರು ಸುರಿಯಬೇಡಿ, ಸ್ಟೀಲ್ ನಾರು ಮುಟ್ಟಿಸಬೇಡಿ. ಚೆನ್ನಾಗಿ ಒಣಗಿದ ಮೇಲೆ ಮತ್ತೆ 5 ನಿಮಿಷ ಖಾಲಿ ಓಡಿಸಿ ನೋಡಿ.

ಫಾಯಿಲ್ ಯಾಕೆ ಬೇಡ ಎಂದರೆ, ಅದೂ ಗಾಳಿಯನ್ನು ತಡೆಯುತ್ತದೆ. ಮೇಲಾಗಿ ಮೊಸರು, ನಿಂಬೆ, ಹುಣಸೆಯಂತಹ ಹುಳಿ ತಾಗಿದರೆ ಅಲ್ಯೂಮಿನಿಯಂ ಕರಗಿ ಊಟಕ್ಕೆ ಸೇರುತ್ತದೆ, ಫಾಯಿಲ್ ಮೇಲೆ ಬೂದು ಕಲೆ, ಸಣ್ಣ ತೂತು ಕಾಣುತ್ತವೆ. ಕಬಾಬ್ ಮಸಾಲೆಯಲ್ಲಿ ಮೊಸರೂ ಇದೆ, ನಿಂಬೆಯೂ ಇದೆ.

ಪೇಪರ್ ಉಪಯೋಗಕ್ಕೆ ಬರುವುದು ಬಂಗುಡೆಯಂತಹ, ಚರ್ಮ ಜಾಲರಿಗೆ ಅಂಟುವ ಮೀನಿಗೆ. ಆಗಲೂ ತೂತುಗಳಿರುವ ಬೇಕಿಂಗ್ ಪೇಪರ್, ಮೀನಿನಷ್ಟೇ ಅಗಲಕ್ಕೆ ಕತ್ತರಿಸಿ, ಅಂಚು ಮೇಲೆದ್ದು ನಿಲ್ಲದಂತೆ ಇಡಿ. ಅಂಗಡಿಯಲ್ಲಿ ಬಟರ್ ಪೇಪರ್ ಅಂತ ಕೇಳಿದರೆ ಮೇಣದ ಪೇಪರ್ ಕೂಡ ಕೊಡುತ್ತಾರೆ. ಉಗುರಲ್ಲಿ ಕೆರೆದಾಗ ಮೇಣ ಬಂದರೆ ಅದು ಕಾವಿಗೆ ಕರಗುತ್ತದೆ. ಪ್ಯಾಕೆಟ್ ಮೇಲೆ ಎಷ್ಟು ಡಿಗ್ರಿ ತಾಳುತ್ತದೆ ಎಂದು ಬರೆದಿರಬೇಕು, ನೀವು ಇಡುವ ಉಷ್ಣತೆಗಿಂತ ಅದು ಹೆಚ್ಚಿರಬೇಕು, ಬರೆದಿಲ್ಲದಿದ್ದರೆ ಕೊಳ್ಳಬೇಡಿ. ಖಾಲಿ ಪೇಪರ್ ಇಟ್ಟು ಪ್ರೀಹೀಟ್ ಮಾಡುವುದು ಎಲ್ಲಕ್ಕಿಂತ ಅಪಾಯ: ಮೇಲೆ ಭಾರ ಇಲ್ಲದ ಪೇಪರ್ ಫ್ಯಾನ್ ಗಾಳಿಗೆ ಹಾರಿ ಕಾಯಿಲ್‌ಗೆ ಅಂಟಿ ಹೊತ್ತಿಕೊಳ್ಳುತ್ತದೆ. ಹಗುರವಾದ ಹಪ್ಪಳ, ಕರಿಬೇವು ಕೂಡ ಹೀಗೆಯೇ ಹಾರುತ್ತವೆ.

ಒಂದು ವೇಳೆ ಕಪ್ಪು ಹೊಗೆ ಬಂದರೆ ಅಥವಾ ಒಳಗೆ ಉರಿ ಕಂಡರೆ ಬುಟ್ಟಿ ಎಳೆಯಬೇಡಿ, ಹೊಸ ಗಾಳಿ ಸಿಕ್ಕಿ ಉರಿ ಜೋರಾಗುತ್ತದೆ. ಗೋಡೆಯ ಸ್ವಿಚ್ ಆರಿಸಿ, ನೀರು ಎರಚದೆ, ಹೊಗೆ ಪೂರ್ತಿ ನಿಲ್ಲುವ ತನಕ ಮುಚ್ಚಿಯೇ ಬಿಡಿ. ಉರಿ ಹೊರಗೆ ಬಂದರೆ ಎಲ್ಲರೂ ಹೊರಗೆ ಹೋಗಿ 112ಕ್ಕೆ ಕರೆ ಮಾಡಿ.