ಪ್ರಮಾಣಪತ್ರದಲ್ಲಿ ಹೆಸರು: ಅನುವಾದವಾ, ಲಿಪ್ಯಂತರವಾ?

"ಹೊರದೇಶದಲ್ಲಿ ಮದುವೆ ನೋಂದಣಿ ಮಾಡಿಸಲು ನನ್ನ ಕನ್ನಡ ಜನನ ಪ್ರಮಾಣಪತ್ರವನ್ನು ಇಂಗ್ಲಿಷಿಗೆ ಮಾಡಿಸಬೇಕು. ಅದರಲ್ಲಿರುವ ವ್ಯಕ್ತಿಗಳ ಮತ್ತು ಊರಿನ ಹೆಸರನ್ನು ಅನುವಾದ ಮಾಡಿಸಬೇಕಾ, ಲಿಪ್ಯಂತರ ಸಾಕಾ?"

ನಿಮ್ಮ ಹೆಸರಿಗೆ ಎರಡೂ ಬೇಡ. ಪಾಸ್‌ಪೋರ್ಟಿನಲ್ಲಿ ಇರುವ ಅಕ್ಷರಗಳನ್ನು ಹಾಗೇ ನಕಲು ಮಾಡಿಸಿ. ಇಷ್ಟು ಗೊತ್ತಿರದೆ ನನ್ನ ಮದುವೆ ನೋಂದಣಿ ನಾಲ್ಕು ತಿಂಗಳು ತಡವಾಯಿತು.

ನನ್ನ ಹೆಸರು ಜ್ಞಾನೇಶ್. ಪಾಸ್‌ಪೋರ್ಟಿನಲ್ಲಿ Gnanesh ಅಂತಿದೆ. ಶಾಲೆಗೆ ಸೇರಿಸುವಾಗ ಯಾರೋ ಹಾಗೆ ಬರೆದರು, ಅದೇ ಉಳಿಯಿತು. ನನಗೆ ಆ G ಮೊದಲಿಂದಲೂ ಕಣ್ಣಿಗೆ ಚುಚ್ಚುತ್ತಿತ್ತು. ಜ್ಞ ಅಂದರೆ ಜ ಮತ್ತು ಞ, ಅಲ್ವಾ? ಗ ಎಲ್ಲಿಂದ ಬಂತು? ಅನುವಾದಕರ ಹತ್ತಿರ ಹೋದಾಗ ಪ್ರಮಾಣಪತ್ರ ಒಂದನ್ನೇ ಕೊಟ್ಟು, "ಸರಿಯಾಗಿ Jnanesh ಅಂತ ಬರೀರಿ ಸರ್" ಅಂದೆ. ಅವರು ಪಾಪ, ಮೂಲದ ಅಕ್ಷರಕ್ಕೆ ಸರಿಹೋಗುತ್ತದೆ ಅಂತ ಹಾಗೇ ಬರೆದು ಮುದ್ರೆ ಒತ್ತಿದರು. ನಾನೇ ಕೇಳಿ ಮಾಡಿಸಿಕೊಂಡ ತಪ್ಪು ಅದು. ಭಾಷೆಯ ದೃಷ್ಟಿಯಿಂದ ಅದರಲ್ಲಿ ತಪ್ಪೇ ಇರಲಿಲ್ಲ, ಅದಕ್ಕೇ ನನಗೆ ಅನುಮಾನ ಬರಲಿಲ್ಲ.

ನೋಂದಣಿ ಮಾಡುವವರಿಗೆ ಕನ್ನಡ ಬರುವುದಿಲ್ಲ. ಜ್ಞ ಹೇಗೆ ಕೂಡುತ್ತದೆ ಅನ್ನುವುದು ಅವರಿಗೆ ಬೇಕಾಗಿಯೂ ಇಲ್ಲ. ಅವರು ಎರಡು ಕಾಗದ ಪಕ್ಕಪಕ್ಕ ಇಟ್ಟು ಅಕ್ಷರಕ್ಕೆ ಅಕ್ಷರ ನೋಡುತ್ತಾರೆ. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಎರಡು ಸಾಲು ಇರುತ್ತವಲ್ಲ, ಅದರ ಮೊದಲ ಸಾಲಿಗೆ ನೋಂದಣಿ ಕಚೇರಿಯ ಹೆಂಗಸು ಬೆರಳಿಟ್ಟರು:

```
<<GNANESH<<<<<<
```

"ಹುಟ್ಟಿದ್ದು J, ಇಲ್ಲಿ ನಿಂತಿರೋದು G" ಅಂದರು. ಇಬ್ಬರೂ ನಾನೇ ಅಂತ ಅಫಿಡವಿಟ್ ಕೊಡುತ್ತೇನೆ ಅಂದೆ. ಅವರು ಒಪ್ಪಲಿಲ್ಲ. ಮೂಲ ಪತ್ರದಲ್ಲಿ ಎರಡು ಹೆಸರಿಲ್ಲ, ಎರಡನೆಯದು ಹುಟ್ಟಿದ್ದೇ ಅನುವಾದದಲ್ಲಿ, ಅಲ್ಲೇ ಸರಿಮಾಡಿ ಅಂದರು. ನ್ಯಾಯವಾದ ಮಾತೇ. ನನ್ನ ಅನುವಾದಕ್ಕೆ ಅಪೊಸ್ಟಿಲ್ ಬೇರೆ ಆಗಿತ್ತು. ಅದು ಸಹಿ, ಮುದ್ರೆ ಅಸಲಿ ಅಂತ ಮಾತ್ರ ಹೇಳುತ್ತದೆ, ಒಳಗೆ ಬರೆದಿರುವುದಕ್ಕೆ ಹೊಣೆಯಲ್ಲ. ಪೆನ್ನಿನಲ್ಲಿ ತಿದ್ದುವ ಹಾಗೂ ಇಲ್ಲ. ಹೊಸ ಅನುವಾದ, ಹೊಸ ಅಪೊಸ್ಟಿಲ್, ಹೊಸ ಸರದಿ.

"ಹಾಗಾದರೆ ಸರಿಯಾದ ಲಿಪ್ಯಂತರ ನಿಯಮ ಬಳಸಿದರೆ?" ಅಂತ ಕೇಳಬಹುದು. ಬೇಡ. ISO 15919 ಅನ್ನುವ ಅಂತರರಾಷ್ಟ್ರೀಯ ಪದ್ಧತಿಯಲ್ಲಿ ನನ್ನ ಹೆಸರು jñānēś ಆಗುತ್ತದೆ. ಆದರೆ ಆ ಯಂತ್ರದ ಸಾಲಿನಲ್ಲಿ ಹೆಸರಿಗೆ ಇರುವುದು A ಇಂದ Z ಮತ್ತು < ಮಾತ್ರ. ಗುರುತುಗಳನ್ನೆಲ್ಲ ಕಿತ್ತರೆ JNANES ಉಳಿಯುತ್ತದೆ, ಅಂದರೆ ಮೂರನೇ ಮನುಷ್ಯ! ಜರ್ಮನಿಯಲ್ಲಿ ಸ್ವಂತ ವೃತ್ತಿ ನಡೆಸುತ್ತಿದ್ದ ಗ್ರೀಸಿನ ಕೊನ್‌ಸ್ಟಾಂಟಿನಿಡಿಸ್ ಎಂಬವರಿಗೂ ಅಲ್ಲಿ ಇದೇ ಗತಿ ಆಯಿತು. ಪಾಸ್‌ಪೋರ್ಟಿನಲ್ಲಿದ್ದ Christos Konstantinidis ISO ನಿಯಮದ ಪ್ರಕಾರ Hréstos Kónstantinidés ಆಯಿತು. ಅವರು ಐರೋಪ್ಯ ನ್ಯಾಯಾಲಯದ ತನಕ ಹೋಗಬೇಕಾಯಿತು. ಉಚ್ಚಾರವೇ ಕೆಟ್ಟು, ಗಿರಾಕಿಗಳು ಇವರನ್ನು ಬೇರೆಯವರೆಂದು ತಿಳಿಯುವ ಹಾಗಿದ್ದರೆ ಅಂಥ ಬರಹವನ್ನು ಹೇರುವಂತಿಲ್ಲ ಅಂತ 1993ರಲ್ಲಿ ತೀರ್ಪು ಬಂತು.

ಊರಿನ ಹೆಸರಿನ ವಿಷಯ ಸುಲಭ. ನನ್ನ ಪತ್ರದ ಕರಡಿನಲ್ಲಿ ಹೊಸಕೆರೆ New Lake ಆಗಿತ್ತು. ಅದನ್ನು ಹೇಗೋ ಗಮನಿಸಿ ಹೊಡೆಸಿದೆ. ಜಿಲ್ಲೆ, ಗ್ರಾಮ ಅನ್ನುವ ಪದಗಳನ್ನು ಅನುವಾದ ಮಾಡಿ. ಹೆಸರಿನ ಒಳಗೇ ಸೇರಿಹೋದ ಕೆರೆಯನ್ನು ಮುಟ್ಟಬೇಡಿ, ನಕಾಶೆಯಲ್ಲಿ New Lake ಸಿಗುವುದಿಲ್ಲ. ಹುಟ್ಟಿದ ಊರು ಪಾಸ್‌ಪೋರ್ಟಿನಲ್ಲಿ ಇದ್ದರೆ ಅಲ್ಲಿಯ ಕಾಗುಣಿತವೇ ಇರಲಿ. ಊರಿನ ಹೆಸರು ಆಮೇಲೆ ಬದಲಾಗಿದ್ದರೆ ಪತ್ರದಲ್ಲಿರುವ ಹಳೆಯದನ್ನೇ ಬರೆಸಿ, ಹೊಸದನ್ನು ಅನುವಾದಕರ ಟಿಪ್ಪಣಿಯಾಗಿ ಚೌಕ ಆವರಣದಲ್ಲಿ ಹಾಕಿಸಿ.

ಕೆಲವು ಅನುವಾದಕರು "ನಾನು ಮೂಲದ ಲಿಪಿಯನ್ನೇ ಅನುಸರಿಸಬೇಕು" ಅಂತ ಹಟ ಹಿಡಿಯುತ್ತಾರೆ. ಜಗಳ ಬೇಡ. ಅದೇ ಚೌಕ ಆವರಣದಲ್ಲಿ "ಪಾಸ್‌ಪೋರ್ಟಿನಲ್ಲಿ Gnanesh" ಅಂತ ಸೇರಿಸಲು ಹೇಳಿ, ಆದರೆ ಕಚೇರಿ ಅದನ್ನು ಒಪ್ಪುತ್ತದಾ ಅಂತ ಮೊದಲೇ ಕೇಳಿಕೊಳ್ಳಿ. ಅಪ್ಪ ಅಮ್ಮನ ಪಾಸ್‌ಪೋರ್ಟ್ ಇದ್ದರೆ ಅದರ ನಕಲನ್ನೂ ಕೊಡಿ. ಇಲ್ಲದಿದ್ದರೆ ಅವರ ಹೆಸರಿಗೆ ಮಾತ್ರ ಲಿಪ್ಯಂತರ ಬೇಕಾಗುತ್ತದೆ. ಆಗಲೂ ನಿಮ್ಮ ಪಾಸ್‌ಪೋರ್ಟಿನಲ್ಲೋ ಅಂಕಪಟ್ಟಿಯಲ್ಲೋ ಅವರ ಹೆಸರು ಇಂಗ್ಲಿಷಿನಲ್ಲಿ ಇದೆಯಾ ಅಂತ ನೋಡಿ.

ಆ G ಈಗಲೂ ನನಗೆ ಇಷ್ಟವಿಲ್ಲ. ಮದುವೆ ಪತ್ರದಲ್ಲೂ ಅದೇ ಇದೆ.